ಅರ್ಧ ಗಂಟೆಯಲ್ಲಿ ಏಜೆನ್ಸಿ ಕಾಪಿ: ಏನನ್ನು ಬಿಡಬಹುದು, ಏನನ್ನು ಬಿಡಬಾರದು?

ಪ್ರಶ್ನೆ: ನಾನು ಕನ್ನಡ ಸುದ್ದಿ ಜಾಲತಾಣವೊಂದರ ಡೆಸ್ಕ್‌ನಲ್ಲಿ ಹೊಸದಾಗಿ ಸೇರಿದ ಉಪಸಂಪಾದಕಿ. ಏಜೆನ್ಸಿಯಿಂದ ಬರುವ ಏಳೆಂಟು ನೂರು ಪದಗಳ ಇಂಗ್ಲಿಷ್ ಕಾಪಿಯನ್ನು ಅರ್ಧ ಗಂಟೆಯಲ್ಲಿ ಇನ್ನೂರೈವತ್ತು ಪದಕ್ಕೆ ಇಳಿಸಿ ಕನ್ನಡದಲ್ಲಿ ಕೊಡಬೇಕು. ಹಿರಿಯರು "ಕೆಳಗಿನಿಂದ ಕತ್ತರಿಸು, ಅಷ್ಟೇ" ಅನ್ನುತ್ತಾರೆ. ಹಾಗೆ ಮಾಡಿದಾಗ ಏನೋ ಮುಖ್ಯವಾದದ್ದು ಬಿಟ್ಟುಹೋಯಿತು ಅನ್ನಿಸುತ್ತದೆ. ಕೋರ್ಟ್ ಸುದ್ದಿಗಳಲ್ಲಂತೂ ಭಯ. ತಲೆಬರಹ ಇಂಗ್ಲಿಷಿನದೇ ಇರಬೇಕಾ, ನಾನೇ ಬರೆಯಬಹುದಾ? ಉದ್ಧರಣ ಚಿಹ್ನೆಯೊಳಗಿನ ಮಾತನ್ನು ಪದಕ್ಕೆ ಪದ ಅನುವಾದಿಸಿದರೆ ಕನ್ನಡ ಅನ್ನಿಸುವುದಿಲ್ಲ, ಸರಾಗ ಮಾಡಿದರೆ ಮಾತು ಬದಲಾಗುತ್ತದೆ. ಏನು ಮಾಡಲಿ?

ಉತ್ತರ: ಕೆಳಗಿನಿಂದ ಕತ್ತರಿಸುವ ಮಾತು ಅರ್ಧ ನಿಜ. ಏಜೆನ್ಸಿಗಳು ಮುಖ್ಯವಾದದ್ದನ್ನು ಮೇಲೆ ಇಟ್ಟು, ಕೆಳಕ್ಕೆ ಹೋದಂತೆ ತೂಕ ಕಡಿಮೆಯಾಗುವ ಹಾಗೆ ಬರೆಯುತ್ತವೆ. ಪುಟದಲ್ಲಿ ಜಾಗ ಸಾಲದಿದ್ದರೆ ಕೊನೆಯ ಪ್ಯಾರಾ ತೆಗೆದರೂ ಸುದ್ದಿ ನಿಲ್ಲಬೇಕು ಅನ್ನುವುದು ಅದರ ಲೆಕ್ಕ. ಆದರೆ ಯಾವುದು ಮೇಲೆ, ಯಾವುದು ಕೆಳಗೆ ಎಂದು ತೀರ್ಮಾನಿಸಿದ್ದು ಏಜೆನ್ಸಿ, ಅದೂ ದೇಶದ ಎಲ್ಲ ಪತ್ರಿಕೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಕೊನೆಯ ಪ್ಯಾರಾಗಳಲ್ಲಿ ಎರಡು ಥರದ ಸಂಗತಿ ಕಲಸಿಕೊಂಡಿರುತ್ತದೆ. ಒಂದು, ಹಳೆಯ ಹಿನ್ನೆಲೆ. ಅದನ್ನು ಆರಾಮಾಗಿ ಬಿಡಬಹುದು. ಇನ್ನೊಂದು, ಎದುರು ಪಕ್ಷದ ಉತ್ತರ, ಮುಂದಿನ ವಿಚಾರಣೆಯ ದಿನ, ‘ಇದಿನ್ನೂ ಅಂತಿಮವಲ್ಲ’ ಎಂದು ಹೇಳುವ ಸಾಲು. ಇವು ಹೋದರೆ ಮೇಲಿನ ಸುದ್ದಿಯ ಅರ್ಥವೇ ಬದಲಾಗುತ್ತದೆ. ಹಿರಿಯರು ಕಣ್ಣು ಹಾಯಿಸಿಯೇ ಇವೆರಡನ್ನೂ ಬೇರೆ ಮಾಡಿಬಿಡುತ್ತಾರೆ. ಅದು ಅವರಿಗೆ ಎಷ್ಟು ಅಭ್ಯಾಸವಾಗಿದೆ ಅಂದರೆ, ನಿಮಗೆ ಹೇಳುವಾಗ ‘ಕೆಳಗಿನಿಂದ ಕತ್ತರಿಸು’ ಅನ್ನುವಷ್ಟೇ ಬಾಯಿಗೆ ಬರುತ್ತದೆ.

ಕೋರ್ಟ್ ಸುದ್ದಿ ಅಂದರೆ ಭಯ ಅಂದಿರಲ್ಲ, ಅಂಥದ್ದೇ ಒಂದನ್ನು ಹಿಡಿದು ನೋಡೋಣ. 2021ರ ಏಪ್ರಿಲ್ 26, ಸೋಮವಾರ. ಕೋವಿಡ್ ಎರಡನೇ ಅಲೆ ಜೋರಾಗಿತ್ತು. ತಮಿಳುನಾಡಿನಲ್ಲಿ ಏಪ್ರಿಲ್ 6ಕ್ಕೆ ಮತದಾನ ಮುಗಿದಿತ್ತು, ಮೇ 2ಕ್ಕೆ ಎಣಿಕೆ ಇತ್ತು. ಮದ್ರಾಸ್ ಹೈಕೋರ್ಟ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಸಂಜೀಬ್ ಬ್ಯಾನರ್ಜಿ ಮತ್ತು ನ್ಯಾಯಮೂರ್ತಿ ಸೆಂಥಿಲ್‌ಕುಮಾರ್ ರಾಮಮೂರ್ತಿ ಅವರ ಪೀಠದ ಮುಂದೆ ಒಂದು ಅರ್ಜಿ ಬಂತು. ಕರೂರು ಕ್ಷೇತ್ರದಲ್ಲಿ 77 ಅಭ್ಯರ್ಥಿಗಳಿದ್ದಾರೆ, ಎಣಿಕೆ ಕೇಂದ್ರದಲ್ಲಿ ಜನ ಸೇರುತ್ತಾರೆ, ಕೋವಿಡ್ ಮುನ್ನೆಚ್ಚರಿಕೆ ಬೇಕು ಎಂಬುದು ಅದರ ಬೇಡಿಕೆ. ವಿಚಾರಣೆ ನಡೆಯುವಾಗ ಪೀಠ ಚುನಾವಣಾ ಆಯೋಗದ ಮೇಲೆ ಹರಿಹಾಯಿತು. ಎರಡನೇ ಅಲೆಗೆ ಆಯೋಗವೇ ಹೊಣೆ ಎಂದಿತು. ರ‍್ಯಾಲಿಗಳು ನಡೆಯುವಾಗ ನೀವು ಬೇರೆ ಗ್ರಹದಲ್ಲಿದ್ದಿರಾ ಎಂದು ಕೇಳಿತು. ವರದಿಯಾದಂತೆ ಇನ್ನೂ ಒಂದು ಮಾತು ಬಂತು: ನಿಮ್ಮ ಅಧಿಕಾರಿಗಳ ಮೇಲೆ ಬಹುಶಃ ಕೊಲೆ ಪ್ರಕರಣ ದಾಖಲಿಸಬೇಕು. ಎಣಿಕೆ ದಿನದ ವ್ಯವಸ್ಥೆಯ ವಿವರವನ್ನು ಏಪ್ರಿಲ್ 30ರೊಳಗೆ ಕೊಡದಿದ್ದರೆ ಎಣಿಕೆಯನ್ನೇ ನಿಲ್ಲಿಸಬೇಕಾದೀತು ಎಂದೂ ಪೀಠ ಎಚ್ಚರಿಸಿತು.

ಈಗ ಈ ಕಾಪಿ ನಿಮ್ಮ ಪರದೆ ಮೇಲಿದೆ, ಅರ್ಧ ಗಂಟೆ ಇದೆ ಅಂದುಕೊಳ್ಳಿ.

ಮೊದಲ ಐದು ನಿಮಿಷ ಕೀಬೋರ್ಡ್ ಮುಟ್ಟಬೇಡಿ. ಕೊನೆಯ ಸಾಲಿನವರೆಗೆ ಓದಿ. ಮೊದಲ ವಾಕ್ಯ ಓದಿದ ಕೂಡಲೇ ಟೈಪ್ ಮಾಡಲು ಶುರು ಮಾಡುವವರೇ ಡೆಸ್ಕ್‌ನಲ್ಲಿ ಜಾಸ್ತಿ. ಅವರು ನಾಲ್ಕನೇ ಪ್ಯಾರಾಕ್ಕೆ ಬರುವಾಗ ಮೊದಲನೆಯದನ್ನು ತಿದ್ದಬೇಕಾಗುತ್ತದೆ, ಉಳಿಸಿದ ಸಮಯ ಅಲ್ಲೇ ಹೋಗುತ್ತದೆ. ಓದುವಾಗ ಪ್ರತಿ ಮುಖ್ಯ ಸಂಗತಿಗೂ ಮೂರು ಪ್ರಶ್ನೆ ಹಾಕಿ. ಇದನ್ನು ಹೇಳಿದ್ದು ಯಾರು? ಎಲ್ಲಿ ಹೇಳಿದ್ದು? ಇದು ಆಗಿಹೋದದ್ದಾ, ಆಗಬಹುದಾದದ್ದಾ? ನಮ್ಮ ಕಾಪಿಯಲ್ಲಿ ಈ ಪ್ರಶ್ನೆಗಳನ್ನು ಹಾಕಿದರೆ ವಿಷಯ ತಾನೇ ಬಿಡಿಸಿಕೊಳ್ಳುತ್ತದೆ. ಕೊಲೆ ಪ್ರಕರಣದ ಮಾತು ವಿಚಾರಣೆ ವೇಳೆ ಬಾಯಿಮಾತಿನಲ್ಲಿ ಬಂದದ್ದು. ಎಣಿಕೆ ನಿಲ್ಲಿಸುವುದು ಷರತ್ತಿನ ಮೇಲೆ ನಿಂತದ್ದು. ಏಪ್ರಿಲ್ 30ರ ಗಡುವು ಮಾತ್ರ ನಿಜವಾದ ಸೂಚನೆ.

ಇನ್ನು ಏನನ್ನು ಬಿಡುವುದು? ಬೈಗುಳಗಳಲ್ಲಿ ಒಂದನ್ನು ಉಳಿಸಿ. ಎರಡನೇ ಅಲೆಗೆ ನೀವೇ ಹೊಣೆ, ಬೇರೆ ಗ್ರಹದಲ್ಲಿದ್ದಿರಾ, ಕೊಲೆ ಪ್ರಕರಣ, ಇವು ಮೂರೂ ಒಂದೇ ಸಿಟ್ಟಿನ ಮೂರು ಮಾತುಗಳು. ಹೆಚ್ಚೆಂದರೆ ಎರಡು ಸಾಕು. ವಕೀಲರ ಹೆಸರು ಬೇಡ. ಬೇರೆ ರಾಜ್ಯಗಳಲ್ಲಿ ಎಷ್ಟು ಹಂತದ ಮತದಾನ ಆಯಿತು ಅನ್ನುವ ಪ್ಯಾರಾ ಇದ್ದರೆ ಬೇಡ, ಓದುಗರಿಗೆ ಗೊತ್ತಿದೆ. ದೇಶದಲ್ಲಿ ಅಂದಿನ ಸೋಂಕಿನ ಸಂಖ್ಯೆ ನಿಮ್ಮದೇ ಬೇರೆ ಸುದ್ದಿಯಲ್ಲಿ ಇರುತ್ತದೆ.

ಬಿಡಬಾರದ್ದು ಕರೂರು. ಇದು ಹೆಚ್ಚಿನವರಿಗೆ ವಿಚಿತ್ರ ಅನ್ನಿಸುತ್ತದೆ. ಕರ್ನಾಟಕದ ಓದುಗರಿಗೆ ಕರೂರು ಕ್ಷೇತ್ರ ಕಟ್ಟಿಕೊಂಡು ಏನಾಗಬೇಕು, ಕತ್ತರಿಸಿದರಾಯಿತು ಅನ್ನಿಸುವುದು ಸಹಜ. ಕತ್ತರಿಸಿ ನೋಡಿ. ಆಗ ಸುದ್ದಿ ಓದಿದವರಿಗೆ, ಆಯೋಗದ ಮೇಲೆ ಕೊಲೆ ಆರೋಪ ಹೊರಿಸಿ ಯಾರೋ ಕೋರ್ಟ್‌ಗೆ ಹೋಗಿದ್ದರು, ಕೋರ್ಟ್ ಒಪ್ಪಿತು ಎಂದೇ ಅನ್ನಿಸುತ್ತದೆ. ಅರ್ಜಿ ಎಣಿಕೆ ಕೇಂದ್ರದ ವ್ಯವಸ್ಥೆಯ ಬಗ್ಗೆ ಅನ್ನುವ ಒಂದು ಸಾಲು ಇದ್ದರೆ ಕೊಲೆ ಪ್ರಕರಣದ ಮಾತು ತನ್ನ ಜಾಗದಲ್ಲಿ ಕೂರುತ್ತದೆ. ಸಣ್ಣ ಸಂಗತಿಯನ್ನು ಅಳೆಯಬೇಕಾದ್ದು ಹೀಗೆ: ಇದನ್ನು ತೆಗೆದರೆ ಪಕ್ಕದ ದೊಡ್ಡ ಸಂಗತಿ ಬೇರೆ ಥರ ಕೇಳಿಸುತ್ತದಾ? ಕೇಳಿಸುತ್ತದೆ ಅಂದರೆ ಮುಟ್ಟಬೇಡಿ.

ಕಾಪಿ ಹೆಚ್ಚುಕಡಿಮೆ ಹೀಗೆ ಶುರುವಾಗಬಹುದು:

"ಚೆನ್ನೈ: ಕೋವಿಡ್ ಹರಡುತ್ತಿದ್ದಾಗ ಚುನಾವಣಾ ರ‍್ಯಾಲಿಗಳಿಗೆ ಕಡಿವಾಣ ಹಾಕದ ಚುನಾವಣಾ ಆಯೋಗವನ್ನು ಮದ್ರಾಸ್ ಹೈಕೋರ್ಟ್ ಸೋಮವಾರ ತೀವ್ರ ತರಾಟೆಗೆ ತೆಗೆದುಕೊಂಡಿತು. ಮೇ 2ರ ಮತ ಎಣಿಕೆಗೆ ಮಾಡಿಕೊಳ್ಳುವ ವ್ಯವಸ್ಥೆಯ ವಿವರವನ್ನು ಏ. 30ರೊಳಗೆ ನೀಡುವಂತೆ ಸೂಚಿಸಿತು. ಕರೂರು ಕ್ಷೇತ್ರದ ಎಣಿಕೆ ಕೇಂದ್ರದಲ್ಲಿ ಕೋವಿಡ್ ಮುನ್ನೆಚ್ಚರಿಕೆ ಕೋರಿದ ಅರ್ಜಿಯ ವಿಚಾರಣೆ ವೇಳೆ ಮುಖ್ಯ ನ್ಯಾಯಮೂರ್ತಿ ಸಂಜೀಬ್ ಬ್ಯಾನರ್ಜಿ, ‘ನಿಮ್ಮ ಅಧಿಕಾರಿಗಳ ಮೇಲೆ ಬಹುಶಃ ಕೊಲೆ ಪ್ರಕರಣ ದಾಖಲಿಸಬೇಕು’ ಎಂದು ಮೌಖಿಕವಾಗಿ ಹೇಳಿದರು."

ಇಲ್ಲಿ ‘ಬಹುಶಃ’ ಮತ್ತು ‘ಮೌಖಿಕವಾಗಿ’ ಎರಡನ್ನೂ ಗಮನಿಸಿ. ಜಾಗ ಉಳಿಸುವ ಕೈ ಮೊದಲು ಹೋಗುವುದು ಇಂಥ ಪದಗಳ ಮೇಲೆಯೇ. ಇಂಗ್ಲಿಷಿನಲ್ಲಿ ಆ ‘ಬಹುಶಃ’ ವಾಕ್ಯದ ಕೊನೆಗೆ, ಬಾಲದಂತೆ ಬಂದಿತ್ತು. ಕನ್ನಡದಲ್ಲಿ ಅದು ನಡುವೆ ಸೇರಿಕೊಂಡು ಸುಮ್ನೆ ಇಟ್ಟ ಪದದಂತೆ ಕಾಣುತ್ತದೆ. ತೆಗೆದರೆ ಉಳಿಯುವುದು ‘ಕೊಲೆ ಪ್ರಕರಣ ದಾಖಲಿಸಬೇಕು ಎಂದು ಹೈಕೋರ್ಟ್ ಹೇಳಿತು’. ಕನ್ನಡದಲ್ಲಿ ಕೋರ್ಟ್ ‘ಬೇಕು’ ಅಂದರೆ ಅದು ಆದೇಶ. ಸಾಮಾನ್ಯ ಮನುಷ್ಯ ಅಂದರೆ ಅದು ಅಭಿಪ್ರಾಯ. ಒಂದೇ ಕ್ರಿಯಾಪದ, ಆಡಿದ ಬಾಯಿ ನೋಡಿ ಓದುಗರು ಅರ್ಥ ಮಾಡಿಕೊಳ್ಳುತ್ತಾರೆ. ಅದಕ್ಕೇ ಕೋರ್ಟ್ ಸುದ್ದಿಯಲ್ಲಿ ‘ವಿಚಾರಣೆ ವೇಳೆ’, ‘ಮೌಖಿಕವಾಗಿ’ ಅನ್ನುವ ಪದಗಳಿಗೆ ಜಾಗ ಕೊಡಲೇಬೇಕು.

ಇದರ ಮುಂದಿನ ಕಥೆ ನಿಮಗೆ ಉಪಯೋಗಕ್ಕೆ ಬರುತ್ತದೆ. ಆ ಮಾತು ಲಿಖಿತ ಆದೇಶದಲ್ಲಿ ಇರಲಿಲ್ಲ. ಮೌಖಿಕ ಮಾತುಗಳನ್ನು ಮಾಧ್ಯಮಗಳು ವರದಿ ಮಾಡದಂತೆ ತಡೆಯಬೇಕು ಎಂದು ಆಯೋಗ ಕೋರಿತು, ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಮೇ 6ರಂದು ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಎಂ.ಆರ್. ಶಾ ಅವರ ಪೀಠ ಆ ಕೋರಿಕೆಯನ್ನು ಒಪ್ಪಲಿಲ್ಲ. ಹೈಕೋರ್ಟ್‌ನ ಮಾತು ಕಟುವಾಗಿತ್ತು ಎಂದಿತು. ಆದರೆ ಆದೇಶದ ಭಾಗವೇ ಅಲ್ಲದ ಮಾತನ್ನು ಕಡತದಿಂದ ತೆಗೆಯುವ ಪ್ರಶ್ನೆ ಬರುವುದಿಲ್ಲ, ಕಲಾಪವನ್ನು ವರದಿ ಮಾಡುವ ಸ್ವಾತಂತ್ರ್ಯ ಮಾಧ್ಯಮಕ್ಕಿದೆ ಎಂದಿತು. ಅಂದರೆ, ಮೌಖಿಕ ಮಾತನ್ನು ಬರೆಯಬಾರದು ಎಂದು ಯಾರಾದರೂ ಹೆದರಿಸಿದರೆ ಹೆದರಬೇಕಿಲ್ಲ. ಅದು ಮೌಖಿಕ ಎಂದು ಹೇಳಿಯೇ ಬರೆಯಬೇಕು. ಮಾತು ಬೆಳಿಗ್ಗೆ ಬರುತ್ತದೆ, ಆದೇಶದ ಪ್ರತಿ ಆಮೇಲೆ ಬರುತ್ತದೆ. ಬೆಳಿಗ್ಗೆಯ ನಿಮ್ಮ ಕಾಪಿಯಲ್ಲಿ ‘ಆದೇಶಿಸಿತು’ ಎಂಬ ಪದ ಬೇಕಾಬಿಟ್ಟಿ ಬಿದ್ದಿದ್ದರೆ ಸಂಜೆ ಅದನ್ನು ಹುಡುಕಿ ಹುಡುಕಿ ತೆಗೆಯಬೇಕಾಗುತ್ತದೆ.

ಈಗ ತಲೆಬರಹ. ಇಂಗ್ಲಿಷಿನದನ್ನು ಅನುವಾದಿಸಬೇಕಾಗಿಲ್ಲ. ಅದು ಏಜೆನ್ಸಿಯ ಡೆಸ್ಕ್ ಗುರುತಿಗೆ ಇಟ್ಟ ಹೆಸರು ಅಷ್ಟೇ, ಪ್ರತಿ ಪತ್ರಿಕೆಯೂ ತನ್ನದನ್ನು ತಾನೇ ಬರೆಯುತ್ತದೆ. ಆದರೆ ನಿಮ್ಮ ಸ್ವಾತಂತ್ರ್ಯ ನಿಮ್ಮ ಕಾಪಿಯ ಒಳಗೆ ಮಾತ್ರ. ಕಾಪಿಯಲ್ಲಿ ಇಲ್ಲದ್ದು ತಲೆಬರಹದಲ್ಲಿ ಬರಬಾರದು. ಹಾಗಾಗಿ ಕಾಪಿ ಮುಗಿದ ಮೇಲೆಯೇ ಬರೆಯಿರಿ. ಮೊದಲೇ ಬರೆದರೆ, ಆ ತಲೆಬರಹಕ್ಕೆ ತಕ್ಕಂತೆ ಕಾಪಿಯನ್ನು ಬಗ್ಗಿಸಲು ಶುರು ಮಾಡುತ್ತೀರಿ.

ಈ ಸುದ್ದಿಗೆ ಡೆಸ್ಕ್‌ನಲ್ಲಿ ಯಾರಿಗಾದರೂ ತಟ್ಟನೆ ಹೊಳೆಯುವುದು ‘ಚುನಾವಣಾ ಆಯೋಗದ ವಿರುದ್ಧ ಕೊಲೆ ಪ್ರಕರಣ: ಹೈಕೋರ್ಟ್’. ಇದನ್ನು ಓದಿದವರು ಪ್ರಕರಣ ದಾಖಲಾಗಿದೆ ಅಂದುಕೊಳ್ಳುತ್ತಾರೆ. ‘ಆಯೋಗದ ಅಧಿಕಾರಿಗಳ ಮೇಲೆ ಕೊಲೆ ಕೇಸ್ ಹಾಕಿ: ಹೈಕೋರ್ಟ್ ಗುಡುಗು’ ಅಂದರೆ ಪೊಲೀಸರಿಗೆ ಆದೇಶ ಕೊಟ್ಟಂತಾಯಿತು. ‘ಕೊಲೆ ಕೇಸ್ ಏಕೆ ಹಾಕಬಾರದು?’ ಎಂದು ಪ್ರಶ್ನೆ ಮಾಡುವುದು ನಮ್ಮಲ್ಲಿ ಬಹಳ ಚಾಲ್ತಿಯಲ್ಲಿರುವ ಉಪಾಯ. ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಬಚಾವ್ ಎಂಬ ನಂಬಿಕೆ. ಆದರೆ ಪೀಠ ಹಾಗೆ ಕೇಳಿರಲಿಲ್ಲ. ಆಡದ ಪ್ರಶ್ನೆಯನ್ನು ಪೀಠದ ಬಾಯಿಗೆ ಹಾಕಿದ ಹಾಗಾಯಿತು.

ನಾನಾದರೆ ಹೀಗೆ ಬರೆಯುತ್ತೇನೆ: ‘ಕೋವಿಡ್ 2ನೇ ಅಲೆ: ಚುನಾವಣಾ ಆಯೋಗಕ್ಕೆ ಮದ್ರಾಸ್ ಹೈಕೋರ್ಟ್ ತರಾಟೆ’. ಸಂಪಾದಕರು ಕೊಲೆಯ ಮಾತು ತಲೆಬರಹದಲ್ಲೇ ಬೇಕು ಅನ್ನಬಹುದು. ಅದು ತಪ್ಪು ಬೇಡಿಕೆಯಲ್ಲ, ಅವತ್ತು ಎಲ್ಲರ ಬಾಯಲ್ಲಿ ಇದ್ದದ್ದು ಅದೇ ಮಾತು. ಆಗ ‘ಬಹುಶಃ ಕೊಲೆ ಕೇಸ್ ಹಾಕಬೇಕು’ ಎಂದು ಉದ್ಧರಣ ಚಿಹ್ನೆಯೊಳಗೆ ಇಟ್ಟು, ‘ಚುನಾವಣಾ ಆಯೋಗಕ್ಕೆ ಮದ್ರಾಸ್ ಹೈಕೋರ್ಟ್ ಚಾಟಿ’ ಎಂದು ಮುಂದೆ ಸೇರಿಸಿ. ಸ್ವಲ್ಪ ಉದ್ದವಾಯಿತು, ಆದರೂ ನಿಲ್ಲುತ್ತದೆ. ‘ಮದ್ರಾಸ್’ ಮಾತ್ರ ಬಿಡಬೇಡಿ. ಬರೀ ‘ಹೈಕೋರ್ಟ್’ ಅಂದರೆ ಕನ್ನಡ ಓದುಗರ ಕಣ್ಣ ಮುಂದೆ ಬರುವುದು ಬೆಂಗಳೂರಿನ ಹೈಕೋರ್ಟ್.

ಬರೆದಾದ ಮೇಲೆ, ಕಾಪಿ ಓದದ ಸಹೋದ್ಯೋಗಿಗೆ ತಲೆಬರಹ ಮಾತ್ರ ಓದಿ ಹೇಳಿ, ‘ಏನಾಗಿದೆ ಅನ್ನಿಸುತ್ತೆ?’ ಎಂದು ಕೇಳಿ. ‘ಕೋರ್ಟ್ ಬೈದಿದೆ’ ಅಂದರೆ ಸರಿ. ‘ಕೇಸ್ ಆಗಿದೆ’ ಅಂದರೆ ಮತ್ತೆ ಬರೆಯಿರಿ. ಹತ್ತು ಸೆಕೆಂಡಿನ ಕೆಲಸ.

ನಿಮ್ಮ ಕೊನೆಯ ಪ್ರಶ್ನೆ ನಿಜಕ್ಕೂ ಕಷ್ಟದ್ದು. ಇಂಗ್ಲಿಷ್ ಡೆಸ್ಕ್‌ನವರಿಗೆ ಒಂದು ಸ್ಪಷ್ಟ ಗೆರೆ ಇದೆ. ಚಿಹ್ನೆಯೊಳಗೆ ಇದ್ದರೆ ಆಡಿದ ಮಾತು, ಹೊರಗೆ ಇದ್ದರೆ ಸಾರಾಂಶ. ನಮಗೆ ಆ ಗೆರೆ ಅಷ್ಟು ಸ್ಪಷ್ಟವಾಗಿ ಇಲ್ಲ. ‘ನಾನು ರಾಜೀನಾಮೆ ಕೊಡುವುದಿಲ್ಲ ಎಂದು ಸಚಿವರು ಹೇಳಿದರು’ ಎಂಬ ವಾಕ್ಯದಿಂದ ಚಿಹ್ನೆ ತೆಗೆದರೂ ‘ನಾನು’ ಹಾಗೇ ಉಳಿಯುತ್ತದೆ, ಓದುಗರು ಅದನ್ನು ಸಚಿವರದೇ ಮಾತು ಎಂದು ಓದುತ್ತಾರೆ. ಹಾಗಾಗಿ ‘ಚಿಹ್ನೆ ತೆಗೆದಿದ್ದೇನೆ, ಇನ್ನು ಹೇಗೆ ಬೇಕಾದರೂ ತಿರುಗಿಸಬಹುದು’ ಅನ್ನುವ ಧೈರ್ಯ ಕನ್ನಡದಲ್ಲಿ ನಡೆಯುವುದಿಲ್ಲ. ನಿಜವಾಗಿ ಸಾರಾಂಶ ಕೊಡುವುದಾದರೆ ವಾಕ್ಯವನ್ನೇ ಬದಲಿಸಿ: ‘ರಾಜೀನಾಮೆ ಬೇಡಿಕೆಯನ್ನು ಸಚಿವರು ತಳ್ಳಿಹಾಕಿದರು’.

ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಿಮ್ಮ ಮುಂದೆ ಮೂರು ದಾರಿ ಇವೆ. ಪೂರ್ತಿ ಮಾತನ್ನು ಚಿಹ್ನೆಯೊಳಗೆ ಕೊಡುವುದು ಮೊದಲನೆಯದು. ಮಾತು ಚಿಕ್ಕದಾಗಿದ್ದು, ಅದೇ ಸುದ್ದಿಯಾಗಿದ್ದರೆ ಮಾತ್ರ ಹೀಗೆ ಮಾಡಿ. ಇಲ್ಲಿ ಪದಗಳ ಕ್ರಮ ಬದಲಿಸಬಹುದು, ಕನ್ನಡದ ವಾಕ್ಯ ಕನ್ನಡದಂತೆಯೇ ಇರಲಿ. ಆದರೆ ಖಚಿತತೆ, ಪ್ರಮಾಣ, ಸಿಟ್ಟಿನ ಮಟ್ಟ ಈ ಮೂರೂ ಮೂಲದಲ್ಲಿ ಇದ್ದಷ್ಟೇ ಇರಬೇಕು. ಎರಡನೆಯದು, ಒಂದೆರಡು ಪದವನ್ನು ಮಾತ್ರ ಚಿಹ್ನೆಯೊಳಗಿಟ್ಟು ಉಳಿದದ್ದನ್ನು ನಿಮ್ಮ ಮಾತಿನಲ್ಲಿ ಹೇಳುವುದು. ಸಮಯ ಉಳಿಯುತ್ತದೆ, ಆದರೆ ಅಪಾಯವೂ ಇದರಲ್ಲೇ ಹೆಚ್ಚು. ಹೈಕೋರ್ಟ್ ‘ಕೊಲೆ ಪ್ರಕರಣ’ದ ಮಾತಾಡಿತು ಎಂದು ಎರಡೇ ಪದ ಚಿಹ್ನೆಯೊಳಗೆ ಇಟ್ಟರೆ, ಪದ ನಿಜ, ಆದರೆ ‘ಬಹುಶಃ’ ಹೊರಗೆ ಉಳಿಯಿತು. ಮೂರನೆಯದು ಸಾರಾಂಶ. ಉದ್ದದ, ತಾಂತ್ರಿಕ ಹೇಳಿಕೆಗಳಿಗೆ ಇದೇ ಒಳ್ಳೆಯದು, ಗಡಿಬಿಡಿಯಲ್ಲಿ ಇದೇ ಸುರಕ್ಷಿತ. ಸಂದೇಹ ಬಂದಾಗಲೆಲ್ಲ ನಾನು ಇದಕ್ಕೇ ಬರುತ್ತೇನೆ.

ಹೇಳಿದವರ ಹೆಸರನ್ನು ಮೊದಲು ಇಡಿ. ನಮ್ಮ ವಾಕ್ಯದಲ್ಲಿ ‘ಎಂದು ಆರೋಪಿಸಿದರು’ ಕೊನೆಗೆ ಬರುತ್ತದೆ. ಮೂರು ಸಾಲಿನ ಆರೋಪ ಮೊದಲು ಬಂದು ಹೆಸರು ಕೊನೆಗೆ ಬಂದರೆ, ಅಲ್ಲಿಯವರೆಗೆ ಓದುಗರು ಅದನ್ನು ನಡೆದ ಸಂಗತಿ ಎಂದೇ ಓದಿರುತ್ತಾರೆ. ಫೋನಿನಲ್ಲಿ ಅರ್ಧ ಓದಿ ಮುಂದೆ ಹೋದವರಂತೂ ‘ಎಂದು’ವರೆಗೆ ಬರುವುದೇ ಇಲ್ಲ. ‘ವಿರೋಧ ಪಕ್ಷದ ನಾಯಕರ ಆರೋಪವೆಂದರೆ’ ಎಂದು ಶುರು ಮಾಡಿದರೆ ಏನೂ ನಷ್ಟವಿಲ್ಲ.

ಆಮೇಲೆ ಆ ಕೊನೆಯ ಕ್ರಿಯಾಪದ. ‘ಹೇಳಿದರು’ ಬೇಸರದ ಪದವಲ್ಲ, ಯಾರ ಪರವೂ ನಿಲ್ಲದ ಪದ. ‘ಬಹಿರಂಗಪಡಿಸಿದರು’ ಅಂದರೆ ಅವರು ಹೇಳಿದ್ದು ನಿಜ ಎಂದು ನೀವು ಒಪ್ಪಿಕೊಂಡ ಹಾಗೆ. ‘ಒಪ್ಪಿಕೊಂಡರು’ ಅಂದರೆ ತಪ್ಪು ಮಾಡಿದ್ದರು ಎಂದ ಹಾಗೆ. ‘ಕಿಡಿಕಾರಿದರು’ ಅಂದರೆ ಸಿಟ್ಟು ಇತ್ತು ಎಂದ ಹಾಗೆ, ಕಾಪಿಯಲ್ಲಿ ಸಿಟ್ಟಿನ ಸುಳಿವಿಲ್ಲದಿದ್ದರೆ ಅದು ನಿಮ್ಮ ಸೇರ್ಪಡೆ. ಮದ್ರಾಸ್ ಹೈಕೋರ್ಟ್ ಸುದ್ದಿಯಲ್ಲಿ ‘ತರಾಟೆ’ಗೆ ಆಧಾರವಿತ್ತು, ಅದಕ್ಕೇ ಇಟ್ಟೆ. ಇಂಗ್ಲಿಷಿನಲ್ಲಿ ಇಲ್ಲದ ಇನ್ನೊಂದು ತೊಡಕೂ ಇದೆ. ಇಬ್ಬರ ಮಾತುಕತೆಯನ್ನು ಅನುವಾದಿಸುವಾಗ ‘ನೀನು’ ಹಾಕಬೇಕಾ, ‘ನೀವು’ ಹಾಕಬೇಕಾ ಎಂದು ನೀವೇ ತೀರ್ಮಾನಿಸಬೇಕು. ‘ನೀನು’ ಅಂದ ಕೂಡಲೇ ಮೂಲದಲ್ಲಿ ಇಲ್ಲದ ಅವಮಾನ ಸೇರಿಕೊಳ್ಳಬಹುದು. ಗೊತ್ತಿಲ್ಲದಿದ್ದರೆ ‘ನೀವು’.

ಕನ್ನಡ ಡೆಸ್ಕ್‌ಗೆ ಮಾತ್ರ ಬರುವ ಒಂದು ಸಮಸ್ಯೆಯನ್ನು ನೀವು ಕೇಳಿಲ್ಲ, ಆದರೆ ಬೇಗ ಎದುರಾಗುತ್ತದೆ. ಕರ್ನಾಟಕದ ನಾಯಕರು ವಿಧಾನಸೌಧದ ಮುಂದೆ ಕನ್ನಡದಲ್ಲಿ ಮಾತಾಡುತ್ತಾರೆ. ಏಜೆನ್ಸಿಯವರು ಅದನ್ನು ಇಂಗ್ಲಿಷ್ ಮಾಡಿ ಕಳಿಸುತ್ತಾರೆ. ಅದು ನಿಮ್ಮ ಬಳಿಗೆ ಬಂದಾಗ ನೀವು ಮತ್ತೆ ಕನ್ನಡ ಮಾಡುತ್ತೀರಿ. ಅವರು ಆಡಿದ್ದೂ ಕನ್ನಡ, ನೀವು ಬರೆದದ್ದೂ ಕನ್ನಡ, ಎರಡೂ ಒಂದೇ ಅಲ್ಲ. ಅದನ್ನು ಚಿಹ್ನೆಯೊಳಗೆ ಹಾಕಿದರೆ, ಆಡದ ಮಾತನ್ನು ಅವರದೇ ಭಾಷೆಯಲ್ಲಿ ಅವರ ಬಾಯಿಗೆ ತುರುಕಿದಂತೆ, ವಿಡಿಯೊ ಇಟ್ಟುಕೊಂಡವರು ಐದೇ ನಿಮಿಷದಲ್ಲಿ ತೋರಿಸಿಕೊಡುತ್ತಾರೆ. ಮಾತಿನಲ್ಲಿ ಗಾದೆ, ಕುಹಕ ಇದ್ದರೆ ಇಂಗ್ಲಿಷ್ ಕಾಪಿಯಲ್ಲಿ ಅದರ ವಿವರಣೆ ಮಾತ್ರ ಉಳಿದಿರುತ್ತದೆ. ನಿಮ್ಮ ವರದಿಗಾರರಿಗೆ ಫೋನ್ ಮಾಡಿ, ಇಲ್ಲವೇ ವಿಡಿಯೊ ಹುಡುಕಿ, ಮೂಲ ಮಾತನ್ನೇ ಹಾಕಿ. ಸಿಗದಿದ್ದರೆ ಚಿಹ್ನೆ ಇಲ್ಲದೆ ಸಾರಾಂಶ ಕೊಡಿ. ಇಲ್ಲಿ ಬೇರೆ ದಾರಿ ಇಲ್ಲ.

ಉದ್ಧರಣೆಯನ್ನು ಮೊಟಕು ಮಾಡಬಹುದಾ ಅಂದರೆ, ಮಾಡಬಹುದು. ಒಂದು ಪೂರ್ತಿ ವಾಕ್ಯವನ್ನು ತೆಗೆಯುವುದು ಒಳ್ಳೆಯದು, ಅರ್ಧ ವಾಕ್ಯ ಬೇಡ. ‘ಆದರೆ’ಯಿಂದ ಶುರುವಾಗುವ ಭಾಗವನ್ನು ಎಂದೂ ತೆಗೆಯಬೇಡಿ. ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಆಡಿದ ಎರಡು ಮಾತನ್ನು ಒಂದೇ ಚಿಹ್ನೆಯೊಳಗೆ ಸೇರಿಸಬೇಡಿ.

ಅರ್ಧ ಗಂಟೆಯಲ್ಲಿ ಕೊನೆಯ ಮೂರು ನಿಮಿಷವನ್ನು ಉಳಿಸಿಟ್ಟುಕೊಳ್ಳಿ. ಇಂಗ್ಲಿಷ್ ಕಾಪಿಯನ್ನು ಪಕ್ಕದಲ್ಲಿಟ್ಟು ಹೆಸರು, ದಿನಾಂಕ, ಅಂಕಿ, ಚಿಹ್ನೆಯೊಳಗಿನ ಮಾತು ಇಷ್ಟನ್ನು ಮಾತ್ರ ಹೋಲಿಸಿ. ಅಷ್ಟರಲ್ಲಿ ಅದೇ ಸುದ್ದಿಯ ಹೊಸ ರೂಪವೋ ತಿದ್ದುಪಡಿಯೋ ಏಜೆನ್ಸಿಯಿಂದ ಬಂದಿದೆಯೇ ನೋಡಿ. ನೋಟಿಫಿಕೇಶನ್ ಕಳಿಸುವವರು ಬೇರೆಯವರಾಗಿದ್ದರೆ ಅದರ ಸಾಲನ್ನೂ ನೀವೇ ಬರೆದು ಕೊಡಿ. ಜಾಲತಾಣದ ತಲೆಬರಹವನ್ನು ಸಂಜೆ ಆದೇಶದ ಪ್ರತಿ ನೋಡಿ ತಿದ್ದಬಹುದು, ಓದುಗರ ಫೋನಿಗೆ ಹೋದದ್ದನ್ನು ವಾಪಸ್ ಕರೆಸಿಕೊಳ್ಳಲು ಆಗುವುದಿಲ್ಲ. ಅದಕ್ಕೇ ಅಂಥ ದಿನ ನೋಟಿಫಿಕೇಶನ್‌ನಲ್ಲಿ ‘ತರಾಟೆ’ ಇರಲಿ, ‘ಕೊಲೆ’ ಕಾಪಿಯ ಒಳಗಿರಲಿ.